ಒಂದು ಬ್ಯಾಕ್ ಉಳಿದಿದೆ, ಅರ್ಜಿ ಹಾಕಬಹುದೇ?

ಏಳನೇ ಸೆಮಿಸ್ಟರ್ ಶುರುವಾಗುತ್ತಿದ್ದಂತೆ ಇಂಜಿನಿಯರಿಂಗ್ ಕಾಲೇಜುಗಳ ಪ್ಲೇಸ್‌ಮೆಂಟ್ ಗುಂಪುಗಳಿಗೆ ಒಂದೇ ಬಗೆಯ ಸಂದೇಶಗಳು ಬರತೊಡಗುತ್ತವೆ. ಕಂಪನಿಯ ಹೆಸರು, ಸಂಬಳ, ಡ್ರೈವ್‌ನ ದಿನಾಂಕ, ಅದರ ಕೆಳಗೆ ಒಂದು ಸಾಲು: ‘ಹತ್ತನೇ ತರಗತಿ, ಪಿಯುಸಿ ಅಥವಾ ಡಿಪ್ಲೊಮಾ, ಬಿಇ, ಎಲ್ಲದರಲ್ಲೂ 60% ಅಥವಾ 6 ಸಿಜಿಪಿಎ, ಆಕ್ಟಿವ್ ಬ್ಯಾಕ್‌ಲಾಗ್ ಇರಕೂಡದು.’ ಒಂದು ವಿಷಯ ಉಳಿಸಿಕೊಂಡ ಹುಡುಗ ಅಥವಾ ಹುಡುಗಿ ಈ ಸಾಲನ್ನು ಓದುವ ರೀತಿ ಸಾಮಾನ್ಯವಾಗಿ ಎರಡು. ಒಂದು, ‘ನನಗಲ್ಲ ಇದು’ ಎಂದು ಮುಂದೆ ಹೋಗುವುದು. ಇನ್ನೊಂದು, ‘ಯಾರು ನೋಡ್ತಾರೆ, ಹಾಕಿಬಿಡೋಣ’ ಎಂದು ಫಾರ್ಮ್ ತುಂಬುವುದು. ಎರಡರಲ್ಲೂ ಸಾಲನ್ನು ಸರಿಯಾಗಿ ಓದಿದಂತಾಗಲಿಲ್ಲ. ಅದು ಒಂದು ಷರತ್ತಿನಂತೆ ಕಂಡರೂ ಅದರೊಳಗೆ ಬೇರೆ ಬೇರೆ ಕಾರಣಕ್ಕೆ ಹುಟ್ಟಿದ ಎರಡು ಷರತ್ತುಗಳಿವೆ.

ಶೇಕಡಾವಾರಿನ ಷರತ್ತು ಸಂಖ್ಯೆಯನ್ನು ಇಳಿಸುವುದಕ್ಕಾಗಿ ಇರುವಂಥದ್ದು. ದೊಡ್ಡ ಐಟಿ ಸೇವಾ ಕಂಪನಿಗಳಿಗೆ ದೇಶದ ಮೂಲೆಮೂಲೆಯ ಕಾಲೇಜುಗಳಿಂದ ಅರ್ಜಿಗಳು ಬರುತ್ತವೆ. ಎಲ್ಲರಿಗೂ ಪರೀಕ್ಷೆ ನಡೆಸಿ, ಎಲ್ಲರನ್ನೂ ಸಂದರ್ಶಿಸುವುದು ಆಗದ ಮಾತು. ಅದಕ್ಕೆ ಎಲ್ಲ ಅರ್ಜಿಗಳಲ್ಲೂ ಸಿಗುವ ಒಂದು ಅಂಕಿಯನ್ನು ಹಿಡಿದು ಜರಡಿ ಹಿಡಿಯುತ್ತಾರೆ. 59.4 ಪಡೆದವರು 60 ಪಡೆದವರಿಗಿಂತ ಕಡಿಮೆ ಬಲ್ಲವರು ಎಂದು ಅಲ್ಲಿ ಯಾರೂ ಹೇಳುತ್ತಿಲ್ಲ, ಆದರೆ 59.4 ಅನ್ನು 60 ಎಂದು ಯಾರೂ ಓದುವುದೂ ಇಲ್ಲ.

ಬ್ಯಾಕ್‌ಲಾಗ್‌ನ ಷರತ್ತು ದಿನಾಂಕದ ಪ್ರಶ್ನೆ. ಡಿಗ್ರಿ ಮುಗಿಸಿ ಇಂಥ ತಿಂಗಳಲ್ಲಿ ಕೆಲಸಕ್ಕೆ ಸೇರುತ್ತಾರೆ ಎಂಬ ಲೆಕ್ಕದಲ್ಲಿ ಕಂಪನಿ ತರಬೇತಿಯ ಬ್ಯಾಚುಗಳನ್ನು ಯೋಜಿಸಿರುತ್ತದೆ. ಉಳಿದ ಒಂದು ವಿಷಯ ಆ ಹೊತ್ತಿಗೆ ಮುಗಿಯದಿದ್ದರೆ ಆ ಜಾಗ ಖಾಲಿ. ಆದ್ದರಿಂದಲೇ ಈಗಲೂ ಉಳಿದಿರುವ ಬ್ಯಾಕ್ ಮತ್ತು ಹಿಂದೆ ಇದ್ದು ಈಗ ಪಾಸಾದ ಬ್ಯಾಕ್ ಒಂದೇ ಅಲ್ಲ. ‘ನೋ ಆಕ್ಟಿವ್ ಬ್ಯಾಕ್‌ಲಾಗ್’ ಎಂದಿದ್ದರೆ ಮೊದಲನೆಯದು ಮಾತ್ರ ಅಡ್ಡಿ. ‘ನೋ ಹಿಸ್ಟರಿ ಆಫ್ ಬ್ಯಾಕ್‌ಲಾಗ್’ ಎಂದಿದ್ದರೆ ಮೂರನೇ ಸೆಮಿಸ್ಟರ್‌ನಲ್ಲಿ ಬಿದ್ದು ಐದನೆಯದರಲ್ಲಿ ಎದ್ದವರಿಗೂ ಬಾಗಿಲಿಲ್ಲ. ಇನ್ನು ಕೆಲವು ಕಡೆ ಒಂದು ಬ್ಯಾಕ್‌ಗೆ ಜಾಗ ಬಿಟ್ಟಿರುತ್ತಾರೆ. ಟಿಸಿಎಸ್‌ನ ಫ್ರೆಶರ್ ನೇಮಕಾತಿಯ ಪ್ರಕಟಣೆಗಳಲ್ಲಿ ಹಲವು ವರ್ಷ ಈ ಮಾತು ಬಂದಿದೆ: ಎಲ್ಲ ಹಂತದಲ್ಲೂ 60% ಅಥವಾ 6 ಸಿಜಿಪಿಎ ಬೇಕು, ಆಯ್ಕೆಯ ಹೊತ್ತಿಗೆ ಒಂದು ಬ್ಯಾಕ್ ಉಳಿದಿದ್ದರೂ ಕೂರಬಹುದು, ಆದರೆ ಕೋರ್ಸಿನ ನಿಗದಿತ ಅವಧಿಯೊಳಗೆ ಅದು ಮುಗಿಯಬೇಕು. ಇಂಥ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗಬಹುದಾದ್ದರಿಂದ ಸೀನಿಯರ್ ಹೇಳಿದ್ದನ್ನು ನಂಬದೆ ಆ ವರ್ಷದ ಪ್ರಕಟಣೆಯನ್ನೇ ಓದಬೇಕು.

ಈಗ ಒಬ್ಬ ವಿದ್ಯಾರ್ಥಿನಿಯ ಲೆಕ್ಕವನ್ನು ಹಾಕಿ ನೋಡೋಣ. ಹಾಸನದ ಕಡೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾಳೆ ಎಂದುಕೊಳ್ಳಿ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 512, ಅಂದರೆ 81.92%. ಪಿಯುಸಿಯಲ್ಲಿ 600ಕ್ಕೆ 371, ಅಂದರೆ 61.83%. ಇಲ್ಲಿ ಬಹಳ ಜನ ಎಡವುತ್ತಾರೆ: ಸಿಇಟಿಯ ಕಾಲದಿಂದ ನೆನಪಿನಲ್ಲಿ ಉಳಿದದ್ದು ಪಿಸಿಎಂ ಶೇಕಡಾವಾರು, ಫಾರ್ಮಿನಲ್ಲಿ ಅದನ್ನೇ ಬರೆದುಬಿಡುತ್ತಾರೆ. ‘ಪಿಯುಸಿ ಅಗ್ರಿಗೇಟ್’ ಎಂದರೆ ಭಾಷೆಗಳೂ ಸೇರಿ ಆರೂ ವಿಷಯಗಳ ಮೊತ್ತ.

ಬಿಇಯಲ್ಲಿ ಆರನೇ ಸೆಮಿಸ್ಟರ್‌ವರೆಗೆ ಅವಳ ಸಿಜಿಪಿಎ 6.78. ಐದನೇ ಸೆಮಿಸ್ಟರ್‌ನ ನಾಲ್ಕು ಕ್ರೆಡಿಟ್‌ನ ಡಿಬಿಎಂಎಸ್ ಉಳಿದಿದೆ. ಸಿಜಿಪಿಎಯನ್ನು ಶೇಕಡಾವಾರಿಗೆ ಬದಲಿಸುವ ಸೂತ್ರ ಎಲ್ಲ ಕಡೆ ಒಂದೇ ಇಲ್ಲ. ಕೆಲವು ಕಡೆ ಬರೀ 10ರಿಂದ ಗುಣಿಸುತ್ತಾರೆ. ಇನ್ನು ಕೆಲವು ಕಡೆ ಮೊದಲು 0.75 ಕಳೆಯುತ್ತಾರೆ, ವಿಟಿಯುವಿನ ಹಿಂದಿನ ಸ್ಕೀಮ್‌ಗಳಲ್ಲಿ ಇದ್ದದ್ದು ಇದೇ, ಎಐಸಿಟಿಇಯ ಕೋಷ್ಟಕದಲ್ಲೂ 6.75ಕ್ಕೆ 60% ಎಂದಿದೆ. ನಿಮ್ಮ ಸ್ಕೀಮ್‌ಗೆ ಯಾವುದು ಅನ್ವಯಿಸುತ್ತದೆಂಬುದನ್ನು ವಿಶ್ವವಿದ್ಯಾಲಯದ ನಿಯಮಾವಳಿಯಲ್ಲಿ ನೋಡಿಕೊಳ್ಳಬೇಕು. ಅನುಕೂಲವಾದ ಸೂತ್ರವನ್ನು ಆರಿಸಿಕೊಳ್ಳುವ ಹಾಗಿಲ್ಲ. ನಮ್ಮ ವಿದ್ಯಾರ್ಥಿನಿಗೆ ಎರಡನೆಯದು ಅನ್ವಯಿಸುತ್ತದೆ ಎಂದುಕೊಂಡರೆ:

```
(6.78 − 0.75) × 10 = 60.3
```

60 ದಾಟಿದೆ, ಬ್ಯಾಕ್ ಒಂದು ಮುಗಿದರೆ ಸಾಕು ಎಂದು ಅವಳು ನಿರಾಳಳಾಗಬಹುದು. ಆದರೆ ಅಪಾಯ ಇರುವುದೇ ಇಲ್ಲಿ. ಅವಳ ವಿಶ್ವವಿದ್ಯಾಲಯದಲ್ಲಿ ಸಿಜಿಪಿಎ ಲೆಕ್ಕ ಹಾಕುವಾಗ ಎಫ್ ಗ್ರೇಡ್ ಬಂದ ವಿಷಯವನ್ನು ಪೂರ್ತಿಯಾಗಿ ಹೊರಗಿಡುತ್ತಾರೆ. ಅಂದರೆ ಈ 6.78 ಪಾಸಾದ 116 ಕ್ರೆಡಿಟ್‌ಗಳ ಸರಾಸರಿ ಮಾತ್ರ. ಡಿಬಿಎಂಎಸ್ ಪಾಸಾದ ಕೂಡಲೇ ಅದರ ನಾಲ್ಕು ಕ್ರೆಡಿಟ್ ಒಳಗೆ ಬರುತ್ತವೆ, ಜೊತೆಗೆ ಅದರ ಗ್ರೇಡೂ ಬರುತ್ತದೆ. ಅಂಚಿನಲ್ಲಿ ಪಾಸಾಗಿ ಗ್ರೇಡ್ ಪಾಯಿಂಟ್ 4 ಬಂದರೆ:

```
(6.78 × 116 + 4 × 4) ÷ 120 = 6.69
(6.69 − 0.75) × 10 = 59.4
```

ಬ್ಯಾಕ್ ಮುಗಿಸಿದ್ದಕ್ಕೇ ಅವಳು 60ರ ಕೆಳಗೆ ಬಂದಳು. ಕೇಳಲು ವಿಚಿತ್ರ ಅನ್ನಿಸಿದರೂ ಲೆಕ್ಕ ಸರಿಯಾಗಿದೆ. ಎಫ್ ಅನ್ನು ಸೊನ್ನೆಯೆಂದು ಹಿಡಿದು ಮೊದಲೇ ಸೇರಿಸಿಕೊಳ್ಳುವ ಕಡೆ ಇದಕ್ಕೆ ತದ್ವಿರುದ್ಧ, ಪಾಸಾದರೆ ಸರಾಸರಿ ಏರುತ್ತದೆ. ಹಾಗಾಗಿ ತನ್ನ ಗ್ರೇಡ್ ಕಾರ್ಡಿನ ಸಿಜಿಪಿಎಯಲ್ಲಿ ಉಳಿದ ವಿಷಯ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಬ್ಯಾಕ್ ಇರುವವರು ಎಲ್ಲಕ್ಕಿಂತ ಮೊದಲು ತಿಳಿದುಕೊಳ್ಳಬೇಕು. ಕ್ರೆಡಿಟ್‌ಗಳನ್ನು ಕೂಡಿ ನೋಡಿದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಅವಳಿಗೆ ಉಳಿದ ದಾರಿ ಎರಡು. ಡಿಬಿಎಂಎಸ್‌ನಲ್ಲಿ ಬರೀ ಪಾಸಾಗದೆ ಗ್ರೇಡ್ ಪಾಯಿಂಟ್ 6 ತೆಗೆದರೆ ಸಿಜಿಪಿಎ 6.75ರ ಮೇಲೆಯೇ ನಿಲ್ಲುತ್ತದೆ. 4ರಲ್ಲೇ ಪಾಸಾದರೆ, ಇಪ್ಪತ್ತು ಕ್ರೆಡಿಟ್‌ನ ಏಳನೇ ಸೆಮಿಸ್ಟರ್‌ನಲ್ಲಿ 7.13ರ ಮೇಲೆ ಎಸ್‌ಜಿಪಿಎ ಬರಬೇಕು. ಈವರೆಗಿನ ಯಾವ ಸೆಮಿಸ್ಟರ್‌ನಲ್ಲಾದರೂ 7.13 ಬಂದಿದೆಯೇ ಎಂದು ಅವಳು ತನ್ನದೇ ಕಾರ್ಡುಗಳನ್ನು ತೆಗೆದು ನೋಡಲಿ. ಬಂದಿದ್ದರೆ ಅದು ಲೆಕ್ಕ, ಒಮ್ಮೆಯೂ ಬಂದಿಲ್ಲದಿದ್ದರೆ ಅದು ಆಸೆ.

ಇನ್ನು ಬ್ಯಾಕ್ ಮುಗಿಯುತ್ತದೆಯೇ ಎಂಬ ಪ್ರಶ್ನೆ. ‘ಈ ಸಲ ಆಗುತ್ತೆ’ ಎಂಬ ಮಾತನ್ನು ಬದಿಗಿಟ್ಟು ಇದನ್ನೂ ಅಂಕಗಳಲ್ಲೇ ನೋಡಬಹುದು. ವಿಟಿಯುವಿನ ಈಚಿನ ಸ್ಕೀಮ್‌ಗಳಲ್ಲಿ ಥಿಯರಿ ವಿಷಯಕ್ಕೆ ಸೆಮಿಸ್ಟರ್ ಪರೀಕ್ಷೆಯಲ್ಲಿ ಕನಿಷ್ಠ 35% ಬರಬೇಕು, ಆಂತರಿಕ ಅಂಕವೂ ಸೇರಿ ಒಟ್ಟು 40 ಆಗಬೇಕು. ನಮ್ಮ ವಿದ್ಯಾರ್ಥಿನಿಗೆ ಆಂತರಿಕದಲ್ಲಿ 50ಕ್ಕೆ 31 ಇದೆ, ಪರೀಕ್ಷೆಯಲ್ಲಿ 100ಕ್ಕೆ 27 ಬಂದಿತ್ತು. ಅವಳಿಗೆ ಬೇಕಾದದ್ದು ಇನ್ನು ಎಂಟು ಅಂಕ, ಅಂದರೆ ಒಂದು ಪ್ರಶ್ನೆಯ ಅರ್ಧ. ಅದೇ ಆಂತರಿಕದಲ್ಲಿ 20 ಮಾತ್ರ ಇದ್ದವರಿಗೆ 35 ಸಾಲದು, ಒಟ್ಟು 40 ಆಗಲು ಪರೀಕ್ಷೆಯಲ್ಲಿ 100ಕ್ಕೆ 40 ಬೇಕು. ಒಮ್ಮೆ 27 ಬಂದದ್ದಕ್ಕೂ ಮೂರು ಸಲ ಬರೆದು 15, 18, 16 ಬಂದದ್ದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯ ಸ್ಥಿತಿಯಲ್ಲಿರುವವರು ‘ಸೇರುವ ಹೊತ್ತಿಗೆ ಮುಗಿದಿರಬೇಕು’ ಎಂಬ ಕಂಪನಿಗೆ ಅರ್ಜಿ ಹಾಕುವ ಮೊದಲು ಆ ವಿಷಯದ ಮೇಷ್ಟ್ರ ಬಳಿ ಉತ್ತರ ಪತ್ರಿಕೆಯ ನಕಲು ಹಿಡಿದು ಕೂರಬೇಕು. ಎಲ್ಲಿ ಅಂಕ ಹೋಗುತ್ತಿದೆ ಎಂಬುದು ಗೊತ್ತಾಗದೆ ನಾಲ್ಕನೇ ಸಲ ಬರೆದರೂ ಫಲಿತಾಂಶ ಬದಲಾಗುವ ಸಂಭವ ಕಡಿಮೆ.

ದಿನಾಂಕವನ್ನೂ ಇದರ ಪಕ್ಕದಲ್ಲೇ ಇಡಬೇಕು. ಪರೀಕ್ಷೆಗೂ ಫಲಿತಾಂಶಕ್ಕೂ ನಡುವೆ ವಾರಗಳು ಹಿಡಿಯುತ್ತವೆ, ಮರುಮೌಲ್ಯಮಾಪನಕ್ಕೆ ಹಾಕಿದರೆ ಇನ್ನೂ ಕೆಲವು ವಾರ. ಏಳನೇ ಸೆಮಿಸ್ಟರ್ ಜೊತೆ ಬರೆದರೆ ಒಂದು ಸಲ ತಪ್ಪಿದರೂ ಎಂಟನೆಯದರ ಜೊತೆ ಇನ್ನೊಂದು ಅವಕಾಶ ಉಳಿಯುತ್ತದೆ. ಎಂಟನೆಯದಕ್ಕೇ ದೂಡಿದರೆ ಆ ಫಲಿತಾಂಶವೇ ಸೇರುವ ದಿನಾಂಕದ ಮೈಮೇಲೆ ಬಂದು ನಿಲ್ಲುತ್ತದೆ.

ಫಾರ್ಮಿನಲ್ಲಿ ‘ಆಕ್ಟಿವ್ ಬ್ಯಾಕ್‌ಲಾಗ್ ಎಷ್ಟು’ ಎಂದು ಕೇಳಿದಲ್ಲಿ ಸೊನ್ನೆ ಹಾಕುವ ಆಸೆ ಬರುವುದು ಸಹಜ, ಆ ಹೊತ್ತಿಗೆ ಯಾರೂ ಪರಿಶೀಲಿಸುವುದಿಲ್ಲವಲ್ಲ. ಪರಿಶೀಲನೆ ಆಮೇಲೆ ಬರುತ್ತದೆ. ಸೇರುವ ಮುಂಚೆಯೋ ಸೇರಿದ ಮೇಲೋ ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ ಕೇಳುತ್ತಾರೆ, ಅವುಗಳಲ್ಲಿ ಯಾವ ವಿಷಯ ಯಾವ ಪರೀಕ್ಷೆಯಲ್ಲಿ ಪಾಸಾಯಿತೆಂಬ ಗುರುತು ಇರುತ್ತದೆ. ಆಗ ಕೆಲಸ ಹೋಗುವುದು ಬ್ಯಾಕ್ ಇದ್ದದ್ದಕ್ಕಲ್ಲ, ಸುಳ್ಳು ಬರೆದದ್ದಕ್ಕೆ. ಇನ್ನೊಂದು ನಷ್ಟದ ಬಗ್ಗೆ ಯೋಚಿಸುವವರು ಕಡಿಮೆ. ಎಷ್ಟೋ ಕಾಲೇಜುಗಳಲ್ಲಿ ಒಬ್ಬರಿಗೆ ಒಂದೇ ಆಫರ್ ಎಂಬ ನಿಯಮವಿದೆ. ಪೂರೈಸಲಾಗದ ಷರತ್ತಿನ ಆಫರ್ ಹಿಡಿದುಕೊಂಡವರಿಗೆ ಮುಂದಿನ ಡ್ರೈವ್‌ಗಳಿಗೆ ಪ್ರವೇಶವಿಲ್ಲ. ಜೂನ್‌ನಲ್ಲಿ ಆ ಆಫರ್ ರದ್ದಾದಾಗ, ಬ್ಯಾಕ್ ಇದ್ದರೂ ಪರವಾಗಿಲ್ಲ ಎಂದಿದ್ದ ಕಂಪನಿಗಳೂ ಬಂದು ಹೋಗಿರುತ್ತವೆ.

ಅರ್ಹತೆಯ ಸಾಲು ದಾಟಿದ ಮೇಲೂ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಉಳಿಯುತ್ತದೆ: ಬಿದ್ದ ವಿಷಯಕ್ಕೂ ಕೆಲಸಕ್ಕೂ ನಂಟಿದೆಯೇ? ಗಣಿತದಲ್ಲಿ ಬಿದ್ದವರು ವೆಬ್ ಪುಟಗಳನ್ನು ಚೆನ್ನಾಗಿ ಕಟ್ಟಬಲ್ಲರು. ಆದರೆ ಡಿಬಿಎಂಎಸ್‌ನಲ್ಲಿ ಬಿದ್ದವಳು ಡೇಟಾಬೇಸ್ ಜೊತೆ ದಿನವಿಡೀ ಒಡನಾಡುವ ಕೆಲಸಕ್ಕೆ ಹೊರಟರೆ ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕು. ಪುಸ್ತಕ, ಮೊಬೈಲು ಪಕ್ಕಕ್ಕಿಟ್ಟು ಒಂದು ಗ್ರಂಥಾಲಯಕ್ಕೆ ಬೇಕಾದ ಟೇಬಲ್‌ಗಳನ್ನು ಬರೆಯಲಿ. ಗಡುವು ಮೀರಿದರೂ ಪುಸ್ತಕ ಹಿಂತಿರುಗಿಸದವರ ಪಟ್ಟಿ ಕೊಡುವ ಕ್ವೆರಿ ಬರೆಯಲಿ, ಕಂಪ್ಯೂಟರಿನಲ್ಲಿ ಓಡಿಸಿ ನೋಡಲಿ. ಓಡಿದರೆ, ಅವಳು ಬಿದ್ದದ್ದು ಪರೀಕ್ಷೆಯಲ್ಲಿ, ವಿಷಯದಲ್ಲಲ್ಲ. ಸಂದರ್ಶನದಲ್ಲಿ ಕೇಳಿದಾಗ ತೋರಿಸಲು ಅವಳ ಬಳಿ ಏನೋ ಇದೆ. ಓಡದಿದ್ದರೆ ಆ ಕೆಲಸಕ್ಕೆ ಅವಳಿನ್ನೂ ಸಿದ್ಧಳಿಲ್ಲ, ಅದನ್ನು ಕಂಪನಿಗಿಂತ ಮೊದಲು ಅವಳು ತಿಳಿಯುವುದು ಒಳ್ಳೆಯದು. ಸಂದರ್ಶನದಲ್ಲಿ ಬ್ಯಾಕ್ ಬಗ್ಗೆ ಉದ್ದದ ಕಥೆ ಬೇಡ. ‘ಐದನೇ ಸೆಮಿಸ್ಟರ್‌ನ ಡಿಬಿಎಂಎಸ್ ಉಳಿದಿದೆ ಸರ್, ಎಂಟು ಅಂಕ ಕಡಿಮೆ ಬಂತು, ಈ ಸೆಮಿಸ್ಟರ್‌ನಲ್ಲೇ ಬರೆಯುತ್ತಿದ್ದೇನೆ’ ಎಂದರೆ ಸಾಕು.

ಅವಳ ಮುಂದೆ ಈಗ ಮೂರು ಡ್ರೈವ್‌ಗಳಿವೆ ಎಂದುಕೊಳ್ಳೋಣ. ಮೊದಲನೆಯದು 60% ಅಥವಾ 6 ಸಿಜಿಪಿಎ, ಒಂದು ಬ್ಯಾಕ್‌ಗೆ ಅವಕಾಶವಿದೆ. ಇಲ್ಲಿ 6.69ಕ್ಕೆ ಇಳಿದರೂ ಸಿಜಿಪಿಎಯ ಲೆಕ್ಕದಲ್ಲಿ ಒಳಗೇ ಇರುತ್ತಾಳೆ. ಅರ್ಜಿ ಹಾಕಲಿ, ಬ್ಯಾಕ್ ಒಂದು ಎಂದು ಬರೆಯಲಿ. ಎರಡನೆಯದು 65%, ಬ್ಯಾಕ್ ಇರಕೂಡದು. ಅದನ್ನು ಬಿಟ್ಟು ಆ ದಿನ ಡಿಬಿಎಂಎಸ್ ಓದಲಿ. ಮೂರನೆಯದು 60% ಎಂದಷ್ಟೇ ಹೇಳಿ, ‘ನೋ ಆಕ್ಟಿವ್ ಬ್ಯಾಕ್‌ಲಾಗ್’ ಎಂದಿದೆ. ಡ್ರೈವ್‌ನ ದಿನವೋ ಸೇರುವ ದಿನವೋ ಎಂದು ಅಲ್ಲಿಲ್ಲ, 6 ಸಿಜಿಪಿಎಯ ಮಾತೂ ಇಲ್ಲ. ಇದಕ್ಕೆ ಉತ್ತರ ಅವಳ ಬಳಿಯಾಗಲಿ ಗೆಳೆಯರ ಬಳಿಯಾಗಲಿ ಇಲ್ಲ. ಫಾರ್ಮ್ ಮುಚ್ಚುವ ಮೊದಲೇ ಪ್ಲೇಸ್‌ಮೆಂಟ್ ಆಫೀಸರ್‌ಗೆ ಮೇಲ್ ಬರೆದು, ಈ ಎರಡು ಪ್ರಶ್ನೆಗಳನ್ನು ಕಂಪನಿಯವರನ್ನೇ ಕೇಳಿ ಲಿಖಿತವಾಗಿ ತಿಳಿಸುವಂತೆ ಕೋರಲಿ. ಜೊತೆಗೆ ಈಗಿನ ಸಿಜಿಪಿಎ, ಉಳಿದ ವಿಷಯ, ಅದನ್ನು ಬರೆಯುವ ಪರೀಕ್ಷೆಯ ತಿಂಗಳು, ಇಷ್ಟನ್ನೂ ಅದೇ ಮೇಲ್‌ನಲ್ಲಿ ಬರೆಯಲಿ.