ಪಡುವಣ ಕಿಟಕಿಯ ಗಾಜು

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರುಗಳಲ್ಲಿ ಏಪ್ರಿಲ್ ತಿಂಗಳ ಕೊನೆಯ ದಿನಗಳಲ್ಲಿ ನಡುಹಗಲಿನ ಸೂರ್ಯನು ನೆತ್ತಿಯ ಮೇಲೆಯೇ ಇರುತ್ತಾನೆ. ನೆಟ್ಟ ಕೋಲಿನ ನೆರಳು ಅದರ ಬುಡದಲ್ಲಿಯೇ ಅಡಗುತ್ತದೆ. ಆ ಹೊತ್ತಿನಲ್ಲಿ ಕಿಟಕಿಗಳ ಮೇಲಿನ ಸಜ್ಜಗಳು ತಮ್ಮ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ಸಂಜೆ ನಾಲ್ಕೂವರೆ ಗಂಟೆಯ ಮಾತೇ ಬೇರೆ. ಆಗ ಬಿಸಿಲು ಓರೆಯಾಗಿ ಬರುವುದರಿಂದ, ಎರಡಡಿ ಚಾಚಿದ ಸಜ್ಜದ ನೆರಳು ಪಶ್ಚಿಮದ ಕಿಟಕಿಯ ಮೇಲ್ಭಾಗದಲ್ಲಿ ಒಂದಡಿಗಿಂತ ತುಸು ಹೆಚ್ಚಿನಷ್ಟನ್ನು ಮಾತ್ರ ಮುಚ್ಚುತ್ತದೆ. ಉಳಿದ ಗಾಜಿನ ಮೂಲಕ ಬಿಸಿಲು ಒಳಗೆ ನುಗ್ಗುತ್ತದೆ. ಹಳೆಯ ಮನೆಗಳ ಸಣ್ಣ ಕಿಟಕಿಗೆ ಮರದ ಕದವಿತ್ತು. ಅದನ್ನು ಮುಚ್ಚಿದರೆ ಸಾಕಾಗುತ್ತಿತ್ತು. ಇಂದಿನ ಅಗಲವಾದ ಗಾಜಿನ ಕಿಟಕಿಗೆ ಬೇರೆ ಉಪಾಯ ಬೇಕು.

ಗಾಜಿನ ಮೂಲಕ ಶಾಖವು ಎರಡು ಬಗೆಯಲ್ಲಿ ಒಳಬರುತ್ತದೆ. ಹೊರಗಿನ ಗಾಳಿ ಒಳಗಿನ ಗಾಳಿಗಿಂತ ಬಿಸಿಯಾಗಿದ್ದರೆ ಗಾಜು ಆ ಶಾಖವನ್ನು ಸಾಗಿಸುತ್ತದೆ. ಇದು ಒಂದು ಬಗೆ. ಸೂರ್ಯನ ವಿಕಿರಣವು ನೇರವಾಗಿ ಹಾದುಬರುವುದು ಇನ್ನೊಂದು ಬಗೆ. ಇವುಗಳಲ್ಲಿ ಯಾವುದು ದೊಡ್ಡದೆಂಬುದನ್ನು ಲೆಕ್ಕ ಹಾಕಿಯೇ ನೋಡೋಣ.

ಜಗಳೂರಿನ ಒಂದು ಕೊಠಡಿಯಲ್ಲಿ ಒಂದು ಚದರ ಮೀಟರ್ ವಿಸ್ತೀರ್ಣದ ಪಶ್ಚಿಮದ ಗಾಜಿದೆ ಎಂದಿಟ್ಟುಕೊಳ್ಳೋಣ. ಹೊರಗೆ 38 ಡಿಗ್ರಿ, ಒಳಗೆ 30 ಡಿಗ್ರಿ ಸೆಲ್ಸಿಯಸ್ ಇರಲಿ. ಗಾಜಿನ ಮೇಲೆ 600 ವಾಟ್ ಬಿಸಿಲು ಬೀಳುತ್ತಿರಲಿ. ಸಾದಾ ಒಂಟಿ ಗಾಜು ಬಿಸಿಲಿನ ಶೇಕಡ 82ರಷ್ಟನ್ನು, ಅಂದರೆ 492 ವಾಟನ್ನು ಒಳಗೆ ಬಿಡುತ್ತದೆ. ಗಾಳಿಯ ಉಷ್ಣತೆಯ ವ್ಯತ್ಯಾಸದಿಂದ ಬರುವುದು ಕೇವಲ 46 ವಾಟ್. ನಮ್ಮ ಶತ್ರು ಬಿಸಿ ಗಾಳಿಯಲ್ಲ, ಬಿಸಿಲು.

ಎರಡು ಗಾಜುಗಳ ನಡುವೆ ಒಣಗಾಳಿಯನ್ನಿರಿಸಿ ಅಂಚನ್ನು ಭದ್ರವಾಗಿ ಮುಚ್ಚಿದರೆ ಜೋಡಿಗಾಜು ಆಗುತ್ತದೆ. ಹಿಮ ಬೀಳುವ ದೇಶಗಳಲ್ಲಿ ಒಳಹೊರಗಿನ ವ್ಯತ್ಯಾಸ 30 ಡಿಗ್ರಿಯನ್ನು ಮೀರುವುದುಂಟು. ಅಲ್ಲಿ ಇದು ಬಹಳ ಉಪಯುಕ್ತ. ನಮ್ಮ ಕೊಠಡಿಯಲ್ಲಾದರೋ ಅದು 46 ವಾಟನ್ನು 22ಕ್ಕೆ ಇಳಿಸುತ್ತದೆ, ಅಷ್ಟೆ. ಬಿಸಿಲಿನಲ್ಲಿ ಶೇಕಡ 70ರಷ್ಟು, ಅಂದರೆ 420 ವಾಟ್, ಆಗಲೂ ಒಳಬರುತ್ತದೆ. ಬರಿಯ ಜೋಡಿಗಾಜಿಗೆ ಹಣ ಸುರಿಯುವುದು ಇಲ್ಲಿ ಜಾಣತನವಲ್ಲ.

ಇದ್ದ ಒಂಟಿ ಗಾಜಿನ ಒಳಮೈಗೆ ಲೋಹದ ತೆಳುಲೇಪವಿರುವ ಪ್ರತಿಫಲಕ ಫಿಲ್ಮನ್ನು ಅಂಟಿಸಿದರೆ ಒಳಬರುವ ಬಿಸಿಲು ಶೇಕಡ 40ರ ಸುಮಾರಿಗೆ, ಅಂದರೆ 240 ವಾಟಿಗೆ ಇಳಿಯಬಲ್ಲದು. ವೆಚ್ಚವೂ ಕಡಿಮೆ, ಕಿಟಕಿಯನ್ನು ಕೀಳಬೇಕಾಗಿಲ್ಲ. ಆದರೆ ಬೆಳಕೂ ಕುಗ್ಗುತ್ತದೆ. ಕಪ್ಪು ಬಣ್ಣದ ಫಿಲ್ಮುಗಳೆಲ್ಲ ಹೀಗೆ ಕೆಲಸ ಮಾಡುತ್ತವೆಂದು ತಿಳಿಯಬಾರದು. ಬರಿಯ ಬಣ್ಣದ ಫಿಲ್ಮ್ ಬಿಸಿಲನ್ನು ಹಿಂದಿರುಗಿಸದೆ ತಾನೇ ಹೀರುತ್ತದೆ. ಕಾದ ಗಾಜು ಆ ಶಾಖದ ಒಂದು ಪಾಲನ್ನು ಕೊಠಡಿಗೇ ಸೂಸುತ್ತದೆ. ಇದಲ್ಲದೆ ಗಾಜಿನ ನಡುಭಾಗ ಕಾದು ಹಿಗ್ಗುವಾಗ ಚೌಕಟ್ಟಿನೊಳಗಿನ ಅಂಚು ತಂಪಾಗಿಯೇ ಉಳಿಯುವುದರಿಂದ ಗಾಜು ಸೀಳುವುದೂ ಉಂಟು. ಅಂತಹ ಬಿರುಕು ಅಂಚಿಗೆ ಲಂಬವಾಗಿ ಹೊರಡುತ್ತದೆ. ಕಲ್ಲೇಟಿನ ಬಿರುಕಾದರೆ ಏಟು ಬಿದ್ದ ಜಾಗದಿಂದ ಸುತ್ತಲೂ ಹರಡುತ್ತದೆ. ವರ್ಷಗಳು ಕಳೆದಂತೆ ಫಿಲ್ಮಿನಲ್ಲಿ ಗುಳ್ಳೆಗಳೆದ್ದು ಅಂಚು ಸುಲಿಯುತ್ತದೆ.

ಅಲ್ಪ ಉತ್ಸರ್ಜನದ ಗಾಜನ್ನು ವ್ಯಾಪಾರಿಗಳು ‘ಲೋ-ಇ’ ಗಾಜೆಂದು ಕರೆಯುತ್ತಾರೆ. ಸಾದಾ ಗಾಜು ಕಾದರೆ ಶಾಖವನ್ನು ಧಾರಾಳವಾಗಿ ಸೂಸುತ್ತದೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಬೆಳ್ಳಿಯ ಪದರವನ್ನು ಲೇಪಿಸಿದರೆ ಆ ಮೈ ಸೂಸುವುದು ತೀರ ಕಡಿಮೆಯಾಗುತ್ತದೆ. ಸೂರ್ಯನ ಶಕ್ತಿಯಲ್ಲಿ ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿರುತ್ತದೆ. ಬಿಸಿಲನ್ನು ತಡೆಯಲೆಂದೇ ಮಾಡಿದ ಬೆಳ್ಳಿಯ ಲೇಪವು ಇವುಗಳಲ್ಲಿ ಬಹುಪಾಲನ್ನು ಹಿಂದಕ್ಕೆ ಕಳುಹಿಸಿ, ಬೆಳಕನ್ನು ಸಾಕಷ್ಟು ಒಳಗೆ ಬಿಡುತ್ತದೆ. ಇಂತಹ ಲೇಪವಿರುವ ಜೋಡಿಗಾಜಿನಲ್ಲಿ ನಮ್ಮ ಕೊಠಡಿಗೆ ಬರುವ ಬಿಸಿಲು ಸುಮಾರು 180 ವಾಟ್, ಗಾಳಿಯ ಶಾಖ 13 ವಾಟ್. ಬೆಳ್ಳಿಯು ಗಾಳಿಗೆ ಸಿಕ್ಕರೆ ಕೆಡುವುದರಿಂದ ಈ ಲೇಪವನ್ನು ಜೋಡಿಗಾಜಿನ ಒಳಗೇ ಅಡಗಿಸುತ್ತಾರೆ. ಬೆಲೆ ಹೆಚ್ಚು, ಕಿಟಕಿಯನ್ನೂ ಹೊಸದಾಗಿ ಮಾಡಿಸಬೇಕು. ಅಂಚಿನ ಮುದ್ರೆ ಒಡೆದರೆ ಎರಡು ಗಾಜುಗಳ ನಡುವೆ ಒರೆಸಲಾಗದ ಮಂಜು ಕಟ್ಟುತ್ತದೆ. ಇನ್ನು, ಕಿಟಕಿಯನ್ನು ಗಾಳಿಗಾಗಿ ತೆರೆದಿಡುವ ಮನೆಯಲ್ಲಿ ಇದಕ್ಕೆ ಹಣ ತೆರುವುದು ವ್ಯರ್ಥ. ಅಲ್ಲಿ ಹೊರಗಡೆ ಇಳಿಬಿಟ್ಟ ಬಿದಿರಿನ ತಟ್ಟಿಯೇ ಮೇಲು.

ಲೋ-ಇ ಎಂಬ ಹೆಸರೊಂದನ್ನೇ ನೆಚ್ಚಬಾರದು. ಶೀತದೇಶಗಳಿಗಾಗಿ ಮಾಡಿದ ಕೆಲವು ಲೇಪಗಳು ಬಿಸಿಲನ್ನು ಬೇಕೆಂದೇ ಒಳಬಿಟ್ಟು, ಕೋಣೆಯ ಶಾಖವನ್ನು ಹೊರಹೋಗದಂತೆ ಹಿಡಿದಿಡುತ್ತವೆ. ಆದುದರಿಂದ ಕೊಳ್ಳುವವರು ಬಿಸಿಲಿನಲ್ಲಿ ಶೇಕಡ ಎಷ್ಟು ಒಳಬರುತ್ತದೆಂದು ಕೇಳಬೇಕು. ಲೇಪವು ಯಾವ ಮೈಯಲ್ಲಿದೆ ಎಂಬುದೂ ಮುಖ್ಯ. ನಮ್ಮಲ್ಲಿ ಅದು ಹೊರಗಾಜಿನ ಒಳಮೈಯಲ್ಲಿರಬೇಕು. ಆಗ ಲೇಪ ಹೀರಿದ ಶಾಖವೂ ಹೊರಗಾಜಿನಲ್ಲಿಯೇ ಉಳಿದು ಹೊರಗಾಳಿಗೆ ಹೋಗುತ್ತದೆ. ಇದನ್ನು ಕತ್ತಲಾದ ಮೇಲೆ ಪರೀಕ್ಷಿಸಬಹುದು. ಹೊರಗೆ ನಿಂತು ಗಾಜಿನ ಮುಂದೆ ಮೇಣದ ಬತ್ತಿಯನ್ನು ಹಿಡಿದು ಓರೆಯಾಗಿ ನೋಡಿದರೆ ನಾಲ್ಕು ಜ್ವಾಲೆಗಳು ಸಾಲಾಗಿ ಪ್ರತಿಬಿಂಬಿಸುತ್ತವೆ. ಅವುಗಳಲ್ಲಿ ಒಂದರ ಬಣ್ಣ ಮಾತ್ರ ಬೇರೆಯಾಗಿರುತ್ತದೆ. ನಮಗೆ ಹತ್ತಿರದ ಜ್ವಾಲೆಯಿಂದ ಎಣಿಸಿದಾಗ ಆ ಬೇರೆ ಬಣ್ಣದ್ದು ಎರಡನೆಯದಾಗಿದ್ದರೆ ಗಾಜನ್ನು ಸರಿಯಾಗಿ ಕೂರಿಸಿದ್ದಾರೆ. ಮೂರನೆಯದಾಗಿದ್ದರೆ ಒಳಹೊರಗು ತಿರುವುಮುರುವಾಗಿದೆ.