ಮುಟ್ಟಿಗೆ ಮುಂಚಿನ ಸೆಕೆ ರಾತ್ರಿಗಳು

ಫ್ಯಾನು ಅದೇ, ಹಾಸಿಗೆ ಅದೇ. ಆದರೂ ಮುಟ್ಟಿಗೆ ನಾಲ್ಕೈದು ದಿನ ಇರುವಾಗ ಎಷ್ಟೋ ಹೆಂಗಸರು ಹೊದಿಕೆ ಒದ್ದು, ದಿಂಬು ಮಗುಚಿ ಹೊರಳಾಡುತ್ತಾರೆ. ಮನೆಯವರಿಗೆ ತಾಗದ ಸೆಕೆ ಇವರಿಗೆ ಮಾತ್ರ ತಾಗುತ್ತದೆ. ಅದು ಬರಿಯ ಭ್ರಮೆಯಲ್ಲ. ಆ ದಿನಗಳಲ್ಲಿ ಮೈ ನಿಜವಾಗಿಯೂ ಸ್ವಲ್ಪ ಬೆಚ್ಚಗಿರುತ್ತದೆ.

ಅಂಡಾಶಯದಿಂದ ಅಂಡ ಹೊರಬಂದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರುತ್ತದೆ. ಮೈಬಿಸಿಯನ್ನು ಹತೋಟಿಯಲ್ಲಿಡುವ ಮಿದುಳಿನ ಭಾಗ ಇದರಿಂದಾಗಿ ತನ್ನ ಮಟ್ಟವನ್ನು ಸುಮಾರು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಮೇಲಕ್ಕೆ ಏರಿಸಿಕೊಳ್ಳುತ್ತದೆ. ಜ್ವರವೆನ್ನಲಾಗದಷ್ಟು ಚಿಕ್ಕ ಏರಿಕೆ ಇದು. ಆದರೆ ನಿದ್ದೆ ಹತ್ತಬೇಕಾದರೆ ಒಳಗಿನ ಬಿಸಿ ಇಳಿಯಬೇಕು. ರಾತ್ರಿಯಾದಂತೆ ಅಂಗೈ, ಅಂಗಾಲಿನ ರಕ್ತನಾಳಗಳು ಹಿಗ್ಗಿ ಬಿಸಿಯನ್ನು ಹೊರಹಾಕುವುದು ಅದಕ್ಕಾಗಿಯೇ. ತಿಂಗಳ ಈ ಎರಡನೆಯ ಅರ್ಧದಲ್ಲಿ ಆ ರಾತ್ರಿಯ ಇಳಿತ ತುಸು ಕಡಿಮೆ.

ಹಾಗಾದರೆ ಎರಡು ವಾರವೂ ನಿದ್ದೆ ಕೆಡಬೇಕಲ್ಲ? ಕೆಡುವುದಿಲ್ಲ. ಪ್ರೊಜೆಸ್ಟರಾನ್ ಮೈಯಲ್ಲಿ ಕರಗಿ ಬದಲಾಗುವಾಗ ಹುಟ್ಟುವ ಒಂದು ವಸ್ತು ಮಿದುಳನ್ನು ಶಾಂತಗೊಳಿಸಿ ಜೋಂಪು ತರುತ್ತದೆ. ಮುಟ್ಟು ಹತ್ತಿರವಾದಾಗ ಹಾರ್ಮೋನು ಕುಸಿಯತೊಡಗಿ ಜೋಂಪಿನ ಆಸರೆ ಸಡಿಲವಾಗುತ್ತದೆ. ಬಿಸಿ ಮಾತ್ರ ಸಾಮಾನ್ಯವಾಗಿ ಮುಟ್ಟಿನ ಹೊತ್ತಿಗಷ್ಟೇ ಇಳಿಯುತ್ತದೆ. ನಡುವಿನ ಆ ಕೆಲವು ರಾತ್ರಿಗಳೇ ಕಷ್ಟದವು. ಹೊಟ್ಟೆನೋವು, ಎದೆಬಿಗಿತ, ಮನಸ್ಸಿನ ಕಿರಿಕಿರಿಯೂ ಜೊತೆಗೂಡುತ್ತವೆ.

ನಿಮ್ಮ ವಿಷಯದಲ್ಲೂ ಹೀಗೆಯೇ ಎಂದು ತಿಳಿಯಲು ಒಂದು ಥರ್ಮಾಮೀಟರು, ಒಂದು ಕ್ಯಾಲೆಂಡರು ಸಾಕು. ಬೆಳಿಗ್ಗೆ ಕಣ್ಣುಬಿಟ್ಟೊಡನೆ, ಹಾಸಿಗೆಯಿಂದ ಏಳುವ ಮೊದಲು, ನಾಲಿಗೆಯಡಿ ಇಟ್ಟು ನೋಡಿ ಬರೆಯಿರಿ. ರಾತ್ರಿ ಎಷ್ಟು ಸಲ ಎಚ್ಚರವಾಯಿತೆಂಬುದನ್ನೂ ಪಕ್ಕದಲ್ಲಿ ಗುರುತಿಸಿ. 28 ದಿನಕ್ಕೊಮ್ಮೆ ಮುಟ್ಟಾಗುವ ಒಬ್ಬಾಕೆಯನ್ನು ಊಹಿಸಿಕೊಳ್ಳಿ. ಮೊದಲ ಎರಡು ವಾರ 36.4ರ ಆಸುಪಾಸು, 16ನೇ ದಿನದಿಂದ 36.8, ಮತ್ತೆ ಮುಟ್ಟಾದಾಗ 36.4. ಎಚ್ಚರದ ಗುರುತುಗಳು 24ರಿಂದ 28ರ ನಡುವೆಯೇ ಗುಂಪಾಗಿ, ಎರಡು ಮೂರು ತಿಂಗಳು ಹಾಗೆಯೇ ಬಂದರೆ, ಅದು ಮುಟ್ಟಿನ ಜೊತೆ ಬರುವ ನಿದ್ದೆಗೇಡು. ತಿಂಗಳಿಡೀ ಹರಡಿದ್ದರೆ ಥೈರಾಯ್ಡ್, ರಕ್ತಹೀನತೆ, ಚಿಂತೆ ಇಂಥ ಬೇರೆ ಕಾರಣ ಹುಡುಕಬೇಕು. ಜ್ವರವಿದ್ದ ದಿನದ ಅಥವಾ ನಿದ್ದೆಗೆಟ್ಟು ಎದ್ದ ಬೆಳಗಿನ ಅಂಕಿಯನ್ನು ನಂಬಬೇಡಿ. ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಈ ಏರಿಳಿತ ಹೀಗೆ ಕಾಣುವುದಿಲ್ಲ.

ಆ ಐದು ರಾತ್ರಿಗಳಿಗೆ ಮಲಗುವ ಒಂದು ಗಂಟೆ ಮೊದಲು ಹತ್ತು ನಿಮಿಷ ಬೆಚ್ಚನೆಯ ನೀರಿನಲ್ಲಿ ಕಾಲಿಡಿ. ಸೆಕೆಗೆ ಬಿಸಿನೀರೇ ಎನ್ನಬೇಡಿ. ಪಾದದ ರಕ್ತನಾಳಗಳು ಅರಳಿದರೆ ಒಳಗಿನ ಬಿಸಿ ಆ ದಾರಿಯಲ್ಲೇ ಹೊರಟುಹೋಗುತ್ತದೆ. ತೆಳು ಹತ್ತಿಬಟ್ಟೆ ಉಟ್ಟು, ಸಂಜೆಯ ಕಾಫಿ ಬಿಡಿ. ಆ ದಿನಗಳಲ್ಲಿ ಬದುಕೇ ಬೇಡವೆನಿಸುವಷ್ಟು ಮನಸ್ಸು ಕುಗ್ಗಿದರೆ ತಡಮಾಡದೆ ವೈದ್ಯರನ್ನು ಕಾಣಿ, ಆ ಕ್ಯಾಲೆಂಡರನ್ನೂ ಕೊಂಡೊಯ್ಯಿರಿ.