ಅರವತ್ತೋ, ನೂರೋ?

ಪ್ರತಿ ವರ್ಷ ಇನ್ಶೂರೆನ್ಸ್ ರಿನ್ಯೂವಲ್ ಹೊತ್ತಿಗೆ ಆಫೀಸುಗಳಲ್ಲಿ ಒಂದೇ ಜಗಳ. "ನಾವು ಕಟ್ಟಿದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕ್ಲೇಮ್ ಆಗಿದೆ ಅಷ್ಟೇ, ಪ್ರೀಮಿಯಂ ಯಾಕ್ರೀ ಇಷ್ಟು ಏರಿಸ್ತೀರಾ?" ಅಂತ ಎಚ್.ಆರ್.ನವರು ಕೇಳ್ತಾರೆ. "ಸರ್, ನಮಗೆ ನಷ್ಟ ಆಗಿದೆ" ಅಂತ ಇನ್ಶೂರೆನ್ಸ್‌ನವರು ಹೇಳ್ತಾರೆ. ಇದರಲ್ಲಿ ಯಾರು ಸುಳ್ಳು ಹೇಳ್ತಿದ್ದಾರೆ? ಇಬ್ಬರೂ ಅಲ್ಲ. ಲೆಕ್ಕ ಮಾಡೋ ರೀತಿ ಬೇರೆ, ಅಷ್ಟೇ.

ಪೀಣ್ಯದಲ್ಲಿ 200 ಜನ ಕೆಲಸ ಮಾಡುವ ಒಂದು ಕಾರ್ಖಾನೆ ಇದೆ ಅಂತ ಇಟ್ಟುಕೊಳ್ಳಿ. ನೌಕರರು, ಹೆಂಡತಿ ಮಕ್ಕಳು, ತಂದೆ ತಾಯಿ, ಎಲ್ಲರಿಗೂ ಸೇರಿ ಒಂದು ಗ್ರೂಪ್ ಹೆಲ್ತ್ ಪಾಲಿಸಿ. ವರ್ಷಕ್ಕೆ 40 ಲಕ್ಷ ರೂಪಾಯಿ ಪ್ರೀಮಿಯಂ. ಒಂಬತ್ತು ತಿಂಗಳು ಕಳೆದಿದೆ, ಕೊಟ್ಟ ಕ್ಲೇಮ್ 24 ಲಕ್ಷ. ನಲವತ್ತಕ್ಕೆ ಇಪ್ಪತ್ನಾಲ್ಕು ಅಂದರೆ ಶೇಕಡಾ 60. ಎಚ್.ಆರ್. ಲೆಕ್ಕ ಇದು.

ಈಗ ಇನ್ಶೂರೆನ್ಸ್ ಕಂಪನಿಯ ಲೆಕ್ಕ ನೋಡಿ. ಪ್ರೀಮಿಯಂ ಇಡೀ ವರ್ಷದ್ದು, ಆದರೆ ಕಳೆದಿರೋದು ಒಂಬತ್ತೇ ತಿಂಗಳು. ಹಾಗಾಗಿ ಕಂಪನಿ ಇದುವರೆಗೆ ಗಳಿಸಿದ್ದು 40 ಅಲ್ಲ, 30 ಲಕ್ಷ. ಉಳಿದ ಹತ್ತು ಲಕ್ಷ ಮುಂದಿನ ಮೂರು ತಿಂಗಳ ಅಪಾಯಕ್ಕೆ ಇಟ್ಟ ಹಣ. ಇನ್ನೊಂದು ಕಡೆ, ಬಿಲ್ ಬಂದು ಇನ್ನೂ ಪಾಸ್ ಆಗದ ಕ್ಲೇಮ್ 4 ಲಕ್ಷ ಇದೆ. ಚಿಕಿತ್ಸೆ ಆಗಿದೆ, ಕಾಗದ ಮಾತ್ರ ಇನ್ನೂ ಬಂದಿಲ್ಲ ಅನ್ನೋ ಕೇಸುಗಳಿಗೆ ಅಂದಾಜು 2 ಲಕ್ಷ. ಎಲ್ಲ ಸೇರಿದರೆ ಕ್ಲೇಮ್ 30 ಲಕ್ಷ. ಗಳಿಸಿದ್ದು ಮೂವತ್ತು, ಹೋಗಿದ್ದೂ ಮೂವತ್ತು. ಲಾಸ್ ರೇಷಿಯೋ ಶೇಕಡಾ 100!

ಮುಂದಿನ ವರ್ಷದ ಪ್ರೀಮಿಯಂ ಹುಟ್ಟೋದು ಇಲ್ಲಿಂದ. ಒಂಬತ್ತು ತಿಂಗಳಿಗೆ 30 ಲಕ್ಷ ಅಂದರೆ ವರ್ಷಕ್ಕೆ 40 ಲಕ್ಷ. ಆಸ್ಪತ್ರೆ ಖರ್ಚು ಶೇಕಡಾ 10ರಷ್ಟು ಏರುತ್ತೆ ಅಂತ ಹಿಡಿದರೆ 44 ಲಕ್ಷ. ಆಡಳಿತ, ಕಮಿಷನ್, ಲಾಭ ಇವಕ್ಕೆಲ್ಲ ರೂಪಾಯಿಗೆ 20 ಪೈಸೆ ತೆಗೆದಿಟ್ಟು, 80 ಪೈಸೆಯಲ್ಲಿ ಕ್ಲೇಮ್ ಮುಗಿಸಬೇಕು ಅಂತ ಕಂಪನಿ ಇಟ್ಟುಕೊಂಡಿದ್ದರೆ, 44 ಲಕ್ಷವನ್ನು 0.80ರಿಂದ ಭಾಗಿಸಿ. ಬರೋದು 55 ಲಕ್ಷ. ಒಂದೇ ಏಟಿಗೆ 15 ಲಕ್ಷ ಏರಿಕೆ.

ಹಾಗಂತ ಒಪ್ಪಿ ಸಹಿ ಹಾಕಬೇಕಾ? ಬೇಡ. ಆ ಮೂವತ್ತು ಲಕ್ಷದ ಒಳಗೆ ಏನಿದೆ ಅಂತ ಬಿಚ್ಚಿ ನೋಡಿ. ಅದರಲ್ಲಿ 8 ಲಕ್ಷ ಒಬ್ಬರದೇ ಹೃದಯದ ಆಪರೇಷನ್‌ಗೆ ಹೋಗಿದೆ ಅಂದುಕೊಳ್ಳಿ. ಆ ಒಂದು ಕ್ಲೇಮ್ ತೆಗೆದು ಇದೇ ಲೆಕ್ಕ ಮಾಡಿದರೆ ಹೊಸ ಪ್ರೀಮಿಯಂ ಹೆಚ್ಚುಕಡಿಮೆ 40 ಲಕ್ಷದಲ್ಲೇ ನಿಲ್ಲುತ್ತೆ. ಅಂದರೆ ಇಡೀ ಏರಿಕೆ ಒಂದು ಎದೆನೋವಿನದು.

ಅಂಡರ್‌ರೈಟರ್ ಅಂತ ಒಬ್ಬರು ಇರ್ತಾರಲ್ಲ, ಪಾಲಿಸಿ ಕೊಡಬೇಕಾ, ಎಷ್ಟಕ್ಕೆ ಕೊಡಬೇಕು ಅಂತ ತೀರ್ಮಾನ ಮಾಡೋರು, ಅವರು ನೋಡೋದೂ ಇದನ್ನೇ. ಆಪರೇಷನ್ ಆಗಿ ಮುಗಿದಿದೆಯಾ, ಅಥವಾ ಡಯಾಲಿಸಿಸ್ ತರ ಪ್ರತಿ ವಾರ ಬರೋ ಖರ್ಚಾ? ಮುಗಿದಿದ್ದರೆ ಚೌಕಾಸಿಗೆ ಜಾಗ ಇದೆ. ಪೂರ್ತಿ ಬಿಟ್ಟುಬಿಡಲ್ಲ, ಯಾಕಂದ್ರೆ 200 ಕುಟುಂಬಗಳಲ್ಲಿ ಮುಂದಿನ ವರ್ಷ ಇನ್ಯಾರಿಗೋ ಇಂಥದ್ದು ಬರಬಹುದು. ಅದೇ ದೊಡ್ಡ ಕ್ಲೇಮ್ ಇಲ್ಲದೆ, ಸಣ್ಣ ಸಣ್ಣ ಕ್ಲೇಮ್‌ಗಳು ಮೂರು ವರ್ಷದಿಂದ ಏರುತ್ತಲೇ ಇದ್ದರೆ ಕಷ್ಟ. ಅದು ಗ್ರಹಚಾರ ಅಲ್ಲ, ಗುಂಪಿನ ಸ್ವಭಾವ ಅಂತ ಅವರು ಓದುತ್ತಾರೆ. ಬೇರೆ ಕಂಪನಿಗೆ ಹೋದರೂ ಹಳೇ ಕ್ಲೇಮ್ ಪಟ್ಟಿ ಕೊಡಿ ಅಂತಲೇ ಮೊದಲು ಕೇಳ್ತಾರೆ.

55 ಲಕ್ಷ ಕೊಡಲ್ಲ ಅಂತ ಮಾಲೀಕರು ಪಟ್ಟು ಹಿಡಿದರೆ ಏನಾಗುತ್ತೆ? ಪ್ರೀಮಿಯಂ ಇಳಿಯುತ್ತೆ, ಜೊತೆಗೆ ಷರತ್ತು ಬಿಗಿಯಾಗುತ್ತೆ. ಸಾಮಾನ್ಯವಾಗಿ ಕತ್ತರಿ ಬೀಳೋದು ಅಪ್ಪ ಅಮ್ಮನ ಮೇಲೆ. ಅವರ ಬಿಲ್‌ನಲ್ಲಿ ಶೇಕಡಾ 20 ನೀವೇ ಕಟ್ಟಿ ಅಂತಾರೆ. ಅಮ್ಮನ ಮಂಡಿ ಆಪರೇಷನ್‌ಗೆ 3 ಲಕ್ಷ ಆದರೆ 60 ಸಾವಿರ ನಿಮ್ಮ ಜೇಬಿನಿಂದ. ಎಷ್ಟೋ ಜನಕ್ಕೆ ಈ ವಿಷಯ ಗೊತ್ತಾಗೋದೇ ಡಿಸ್ಚಾರ್ಜ್ ಕೌಂಟರ್ ಮುಂದೆ ನಿಂತಾಗ.

ಮನೆಗೆ ಅಂತ ಸ್ವಂತವಾಗಿ ತಗೊಂಡ ಹೆಲ್ತ್ ಪಾಲಿಸಿಯ ಕಥೆ ಬೇರೆ. ಅಲ್ಲಿ ನೀವು ಕ್ಲೇಮ್ ಮಾಡಿದಿರಿ ಅನ್ನೋ ಒಂದೇ ಕಾರಣಕ್ಕೆ ನಿಮ್ಮೊಬ್ಬರ ಪ್ರೀಮಿಯಂ ಏರಿಸುವಂತಿಲ್ಲ, ರಿನ್ಯೂವಲ್ ನಿರಾಕರಿಸುವಂತೆಯೂ ಇಲ್ಲ. ಆದರೆ ಆ ಪ್ಲ್ಯಾನ್ ತಗೊಂಡ ಎಲ್ಲರ ಕ್ಲೇಮ್ ಸೇರಿಸಿ ಎಲ್ಲರಿಗೂ ದರ ಏರಿಸಬಹುದು. 60 ದಾಟಿದವರಿಗೆ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಮೊದಲು ನಮ್ಮ ಜೊತೆ ಸಮಾಲೋಚಿಸಿ ಅಂತ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2025ರ ಜನವರಿಯಲ್ಲಿ ಆದೇಶ ಮಾಡಿದೆ. ಗ್ರೂಪ್ ಪಾಲಿಸಿಯಲ್ಲಿ ಹಾಗಲ್ಲ. ಅಲ್ಲಿ ನಿಮ್ಮ ಗುಂಪಿನ ಕ್ಲೇಮೇ ನಿಮ್ಮ ಜಾತಕ.

ಹಾಗಾಗಿ ಈ ಸಲ ರಿನ್ಯೂವಲ್ ಬಂದಾಗ ಎಚ್.ಆರ್. ಹತ್ತಿರ ಪ್ರೀಮಿಯಂ ಎಷ್ಟಾಯ್ತು ಅಂತ ಕೇಳಿ ಸುಮ್ಮನಾಗಬೇಡಿ. ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಪ್ರೀಮಿಯಂ ಉಳಿಸೋಕೆ ಪಾಲಿಸಿಯಿಂದ ಏನನ್ನ ತೆಗೆದ್ರಿ?